ಟಾಪ್ ಸೊಂಟಕ್ಕೇ ನಿಂತರೆ: ವರ್ಚುವಲ್ ಟ್ರೈ-ಆನ್‌ನಲ್ಲಿ ಉದ್ದ, ಘೇರು ಮತ್ತು ಫಿಟಿಂಗ್ ದೋಷಗಳ ಪತ್ತೆ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯೊಂದರವರು ತಮ್ಮಲ್ಲಿರುವ ಚೂಡಿದಾರ್ ಟಾಪ್‌ಗಳನ್ನು ಗಿರಾಕಿಯ ಫೋಟೊ ಮೇಲೆಯೇ ತೊಡಿಸಿ ತೋರಿಸಬಹುದೇ ಎಂದು ಕೇಳಿದ್ದರಿಂದ, ಮೊದಲು ಪರೀಕ್ಷೆಗೆಂದು IDM-VTON ಎಂಬ ಎಐ ಮಾದರಿಯನ್ನು ಬಾಡಿಗೆ ಜಿಪಿಯು ಯಂತ್ರದಲ್ಲಿ ಹಾಕಿಕೊಟ್ಟೆ. ಅದರ ಪರವಾನಗಿ ವಾಣಿಜ್ಯ ಬಳಕೆಗೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಅದು ಪರೀಕ್ಷೆಯ ಮೇಜಿಗಷ್ಟೇ ಸೀಮಿತವೆಂದು ಅಂಗಡಿಯವರಿಗೆ ಮೊದಲೇ ತಿಳಿಸಿದ್ದೆ. ಮೊದಲ ದಿನ ಬಂದ ಚಿತ್ರಗಳನ್ನು ನೋಡಿದ ಮಾಲೀಕರು ಹೇಳಿದ ಮಾತು ದೋಷವನ್ನು ಸರಿಯಾಗಿಯೇ ಹಿಡಿದಿತ್ತು: "ಬಟ್ಟೆ ಚೆನ್ನಾಗಿ ಕೂತಿದೆ ಸರ್, ಆದರೆ ಇದು ನಮ್ಮ ಅಂಗಡಿಯ ಟಾಪ್ ಅಲ್ಲ." ಬಣ್ಣ ಅದೇ, ಕುತ್ತಿಗೆಯ ಕಸೂತಿಯೂ ಅದೇ; ಆದರೆ ಮೊಣಕಾಲು ದಾಟಬೇಕಾದ 42 ಇಂಚಿನ ಎ-ಲೈನ್ ಟಾಪ್ ಸೊಂಟದ ಕೆಳಗೆ ಕತ್ತರಿಸಿದಂತೆ ನಿಂತಿತ್ತು, ಘೇರು ಮಾಯವಾಗಿ ಟೀ ಶರ್ಟಿನಂತೆ ಮೈಗೆ ಅಂಟಿಕೊಂಡಿತ್ತು.

ಇಂಥ ಚಿತ್ರ ಕಂಡಾಗ ಮಾದರಿಯೇ ಸರಿಯಿಲ್ಲವೆಂದು ಬೇರೊಂದನ್ನು ಹುಡುಕಲು ಹೊರಡುವವರೇ ಹೆಚ್ಚು. ಉದ್ದ ಮತ್ತು ಘೇರಿನ ದೋಷ ಬಹುಮಟ್ಟಿಗೆ ಮಾದರಿಗೆ ನಾವು ಕೊಡುವ ಮೂರು ವಸ್ತುಗಳಲ್ಲಿ ಇರುತ್ತದೆ: ವ್ಯಕ್ತಿಯ ಫೋಟೊ, ಬಟ್ಟೆಯ ಫೋಟೊ, ಇವೆರಡರ ನಡುವೆ ಯಾರ ಕಣ್ಣಿಗೂ ಬೀಳದೆ ತಯಾರಾಗುವ ಮಾಸ್ಕ್. ಈ ಬರಹ ಮುಖ್ಯವಾಗಿ ಆ ಮಾಸ್ಕಿನ ಕುರಿತದ್ದು.

ಮೊದಲು ಆಕಸ್ಮಿಕವನ್ನು ಬೇರ್ಪಡಿಸಿ

ಡಿಫ್ಯೂಷನ್ ಮಾದರಿ ಪ್ರತಿ ಸಲವೂ ಯಾದೃಚ್ಛಿಕ ಗದ್ದಲದಿಂದ ಚಿತ್ರವನ್ನು ಕಟ್ಟುತ್ತದೆ; ಆ ಗದ್ದಲವನ್ನು ನಿರ್ಧರಿಸುವ ಸಂಖ್ಯೆ `Seed`. ಉಳಿದೆಲ್ಲವನ್ನೂ ಹಾಗೆಯೇ ಇಟ್ಟು, ಚಿತ್ರ ಕಟ್ಟುವ ಹಂತಗಳ ಸಂಖ್ಯೆಯಾದ `Denoising Steps` ಅನ್ನು 30ರಲ್ಲಿಯೇ ಇರಿಸಿ, `Seed` ಒಂದನ್ನು ಮಾತ್ರ ಬದಲಿಸುತ್ತ ನಾಲ್ಕು ಚಿತ್ರಗಳನ್ನು ತೆಗೆದು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ನಾಲ್ಕರಲ್ಲಿ ಒಂದರಲ್ಲಿ ಮಾತ್ರ ತೋಳು ಸೊಟ್ಟಗಾಗಿದ್ದರೆ ಅದು ಆ ಗದ್ದಲದ ಆಟ. ಸಂಖ್ಯೆ ಬದಲಿಸಿದರೆ ಮುಗಿಯಿತು. ನಾಲ್ಕರಲ್ಲಿಯೂ ಟಾಪಿನ ಅಂಚು ಒಂದೇ ಎತ್ತರದಲ್ಲಿ, ಒಂದೇ ಗೆರೆಯಲ್ಲಿ ನಿಂತಿದ್ದರೆ ಅದಕ್ಕೆ ಕಾರಣ ನಾವು ಕೊಟ್ಟ ಸಾಮಗ್ರಿಯಲ್ಲಿದೆ. ನಮ್ಮ ಪ್ರಕರಣದಲ್ಲಿ ನಾಲ್ಕು ಚಿತ್ರಗಳ ಅಂಚುಗಳೂ ಒಂದರ ಮೇಲೊಂದು ಇಟ್ಟಂತೆ ಹೊಂದಿಕೊಂಡವು. ಹಂತಗಳನ್ನು 30ರಿಂದ 40ಕ್ಕೆ ಏರಿಸಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ಅಲ್ಲಲ್ಲಿ ಕೇಳಿದ್ದೇನೆ. ಉದ್ದದ ದೋಷಕ್ಕೆ ಅದರಿಂದ ಬಾಡಿಗೆ ಹೆಚ್ಚಾಗುವುದೇ ಹೊರತು ಬೇರೇನೂ ಆಗುವುದಿಲ್ಲ.

ಫೋಟೊಗಳ ಅನುಪಾತ

ಮಾಸ್ಕಿಗೆ ಹೋಗುವ ಮುನ್ನ ಮುಗಿಸಬೇಕಾದ ಕೆಲಸವೊಂದಿದೆ. ಈ ಮಾದರಿ ಕೆಲಸ ಮಾಡುವುದು 768 × 1024 ಪಿಕ್ಸೆಲ್‌ನಲ್ಲಿ, ಅಂದರೆ 3:4 ಅನುಪಾತದಲ್ಲಿ. ಫೋನನ್ನು ನಿಲ್ಲಿಸಿ ಹಿಡಿದು ತೆಗೆದ ಚಿತ್ರ 1080 × 1920 ಇದ್ದರೆ ಅದು 9:16. ಇದನ್ನು ನೇರವಾಗಿ 768 × 1024ಕ್ಕೆ ಒತ್ತಿದರೆ ಅಗಲ 0.71 ಪಾಲಿಗೂ ಎತ್ತರ 0.53 ಪಾಲಿಗೂ ಇಳಿಯುತ್ತದೆ; ಪರಿಣಾಮವಾಗಿ ಮೈ ಇದ್ದದ್ದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಅಗಲವಾಗಿ ಕಾಣುತ್ತದೆ. ಪರೀಕ್ಷೆಗೆ ತಮ್ಮ ಫೋಟೊ ಕೊಟ್ಟಿದ್ದ ಅಂಗಡಿಯ ಸೇಲ್ಸ್ ಹುಡುಗಿ "ಇದು ನಾನಾ, ನಮ್ಮ ದೊಡ್ಡಮ್ಮನಾ ಸರ್?" ಎಂದು ಕೇಳಿದ್ದು ಈ ಕಾರಣಕ್ಕೆ.

ಮಾದರಿಯ ಜೊತೆ ಬರುವ ಡೆಮೊ ಪುಟದಲ್ಲಿರುವ `Use auto-crop & resizing` ಗುರುತು ಹಾಕಿದರೆ ಈ ಹಿಗ್ಗುವಿಕೆ ನಿಲ್ಲುತ್ತದೆ, ಆದರೆ ಅದು ಮಧ್ಯದ 1080 × 1440 ಭಾಗವನ್ನಷ್ಟೇ ತೆಗೆದುಕೊಂಡು ಮೇಲೆ 240, ಕೆಳಗೆ 240 ಪಿಕ್ಸೆಲ್ ಬಿಟ್ಟುಬಿಡುತ್ತದೆ. ಪೂರ್ತಿ ನಿಂತ ಚಿತ್ರದಲ್ಲಿ ಇದರಿಂದ ತಲೆಯ ಮೇಲ್ಭಾಗವೂ ಪಾದಗಳೂ ಚೌಕಟ್ಟಿನ ಹೊರಗೆ ಉಳಿಯುತ್ತವೆ. ಇನ್ನೊಂದು ಸಂಗತಿ ಸುಲಭವಾಗಿ ಗಮನಕ್ಕೆ ಬರುವಂಥದ್ದಲ್ಲ: ಈ ಗುರುತು ಅನ್ವಯವಾಗುವುದು ವ್ಯಕ್ತಿಯ ಫೋಟೊಗೆ ಮಾತ್ರ. ಬಟ್ಟೆಯ ಫೋಟೊ ಯಾವ ಆಕಾರದಲ್ಲಿದ್ದರೂ ನೇರವಾಗಿ 768 × 1024ಕ್ಕೆ ಒತ್ತಲ್ಪಡುತ್ತದೆ. ಉದ್ದನೆಯ ಟಾಪು ಗಿಡ್ಡವಾಗಿ, ಅಗಲವಾಗಿ ಮಾದರಿಯ ಕಣ್ಣಿಗೆ ಬೀಳುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಎರಡೂ ಚಿತ್ರಗಳನ್ನು ಕತ್ತರಿಸದೆ, ಬದಿಗಳಲ್ಲಿ ಖಾಲಿ ಜಾಗ ಸೇರಿಸಿ 3:4 ಮಾಡಿಕೊಳ್ಳುವುದು ಒಳ್ಳೆಯದು. ಫೋನ್ ಚಿತ್ರ ಅಡ್ಡ ಮಲಗಿ ಬರುವ ತೊಂದರೆಯನ್ನೂ ಇದೇ ತುಣುಕು ನಿವಾರಿಸುತ್ತದೆ.

```python
from PIL import Image, ImageOps
im = ImageOps.exif_transpose(Image.open("person.jpg")).convert("RGB")
w, h = im.size
W, H = max(w, round(h * 3 / 4)), max(h, round(w * 4 / 3))
bg = Image.new("RGB", (W, H), (235, 235, 235))
bg.paste(im, ((W - w) // 2, (H - h) // 2))
bg.resize((768, 1024), Image.LANCZOS).save("person_3x4.jpg")
```

ಮಾಸ್ಕ್ ಎಲ್ಲಿ ನಿಲ್ಲುತ್ತದೋ ಬಟ್ಟೆ ಅಲ್ಲಿಯೇ ನಿಲ್ಲುತ್ತದೆ

ಮಾದರಿ ವ್ಯಕ್ತಿಯ ಇಡೀ ಚಿತ್ರವನ್ನು ಮತ್ತೆ ಬರೆಯುವುದಿಲ್ಲ. ಮೊದಲು ದೇಹದ ಭಾಗಗಳನ್ನೂ ಹಾಕಿರುವ ಬಟ್ಟೆಯನ್ನೂ ಗುರುತಿಸುವ ಒಂದು ಪ್ರೋಗ್ರಾಂ, ಕೀಲುಗಳ ಸ್ಥಾನವನ್ನು ಕಂಡುಹಿಡಿಯುವ ಇನ್ನೊಂದು ಪ್ರೋಗ್ರಾಂ ಸೇರಿ ಯಾವ ಜಾಗವನ್ನು ಅಳಿಸಬೇಕೆಂದು ನಿರ್ಧರಿಸುತ್ತವೆ. ಅಳಿಸಬೇಕಾದ ಆ ಜಾಗವೇ ಮಾಸ್ಕ್. ಹೊಸ ಬಟ್ಟೆಯನ್ನು ಆ ಜಾಗದೊಳಗೆ ಮಾತ್ರ ಬಿಡಿಸಲಾಗುತ್ತದೆ; ಹೊರಗಿನದನ್ನು ಇದ್ದಂತೆಯೇ ಉಳಿಸಿಕೊಳ್ಳುವುದೇ ಈ ವಿಧಾನದ ಉದ್ದೇಶ. ಮಾಸ್ಕ್ ಸೊಂಟಕ್ಕೆ ನಿಂತಿದ್ದರೆ 42 ಇಂಚಿನ ಟಾಪಿನ ಉಳಿದ ಭಾಗಕ್ಕೆ ಹೋಗಲು ಜಾಗವೇ ಇರುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಡೆಮೊ ಫಲಿತಾಂಶದ ಜೊತೆಯಲ್ಲಿಯೇ `Masked image output` ಎಂಬ ಬೂದು ಬಳಿದ ಚಿತ್ರವನ್ನು ತೋರಿಸುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಫಲಿತಾಂಶದಲ್ಲಿ ಟಾಪಿನ ಅಂಚು ಇರುವ ಗೆರೆಯನ್ನೂ ಬೂದು ಜಾಗ ಮುಗಿಯುವ ಗೆರೆಯನ್ನೂ ಹೋಲಿಸಿ. ಎರಡೂ ಒಂದೇ ಆಗಿದ್ದರೆ ದೋಷ ಮಾಸ್ಕಿನದು. ಅಂಚು ಬೂದು ಜಾಗದ ಒಳಗೇ, ಗೆರೆಗಿಂತ ಸಾಕಷ್ಟು ಮೇಲೆ ನಿಂತಿದ್ದರೆ ಮಾದರಿಗೆ ಜಾಗ ಇತ್ತು, ಆದರೂ ಗಿಡ್ಡವಾಗಿ ಬರೆಯಿತು ಎಂದರ್ಥ; ಆಗ ಬಟ್ಟೆಯ ಫೋಟೊವನ್ನು ಸಂಶಯಿಸಬೇಕು.

ನಮ್ಮ ಚಿತ್ರದ ಲೆಕ್ಕ ಹೀಗಿತ್ತು. ಆ ಹುಡುಗಿಯ ಎತ್ತರ 5 ಅಡಿ 2 ಇಂಚು, ಅಂದರೆ 62 ಇಂಚು. 3:4 ಮಾಡಿದ ಚಿತ್ರದಲ್ಲಿ ನೆತ್ತಿ ಮೇಲಿನಿಂದ 70ನೇ ಪಿಕ್ಸೆಲ್‌ನಲ್ಲಿಯೂ ಪಾದ 950ರಲ್ಲಿಯೂ ಇದ್ದವು. 880 ಪಿಕ್ಸೆಲ್‌ಗೆ 62 ಇಂಚಾದರೆ ಒಂದು ಇಂಚಿಗೆ ಸುಮಾರು 14.2 ಪಿಕ್ಸೆಲ್. ಭುಜದ ಮೇಲ್ತುದಿ 225ರಲ್ಲಿತ್ತು. ಅಲ್ಲಿಂದ 42 ಇಂಚಿಗೆ 596 ಪಿಕ್ಸೆಲ್ ಸೇರಿಸಿದರೆ ಅಂಚು 821ರ ಆಸುಪಾಸಿನಲ್ಲಿ, ಮೀನಖಂಡದ ನಡುವೆ ಬರಬೇಕು. ಸ್ವಯಂಚಾಲಿತ ಮಾಸ್ಕ್ ಮುಗಿದಿದ್ದು 560ರಲ್ಲಿ. ಅಂದರೆ ಆ ಬಟ್ಟೆಗೆ ಸಿಕ್ಕ ಉದ್ದ 24 ಇಂಚಿಗೂ ಕಡಿಮೆ, ಮತ್ತು ಫಲಿತಾಂಶದಲ್ಲಿ ಅಂಚು ನಿಂತಿದ್ದು ಸರಿಯಾಗಿ ಅಲ್ಲಿಯೇ.

ಡೆಮೊದಲ್ಲಿ ಸ್ವಯಂಚಾಲಿತ ಮಾಸ್ಕಿನ ವಿಧ `upper_body` ಎಂದು ಕೋಡಿನಲ್ಲಿಯೇ ನಿಗದಿಯಾಗಿರುವುದು ಇದಕ್ಕೆ ನೇರ ಕಾರಣ. ಮೇಲಂಗಿ ಎಂದರೆ ಸೊಂಟದವರೆಗಿನದು ಎಂಬ ಕಲ್ಪನೆಯ ಮೂಲ ಇನ್ನೂ ಹಿಂದಿದೆ. ಇಂಥ ಮಾದರಿಗಳ ತರಬೇತಿಗೆ ಬಹಳವಾಗಿ ಬಳಕೆಯಾಗುವ VITON-HD ದತ್ತಸಂಗ್ರಹದಲ್ಲಿ 13,679 ಜೋಡಿಗಳಿದ್ದು, ಅವೆಲ್ಲ ಎದುರಿಗೆ ನಿಂತ ಮಹಿಳೆಯರು ಮತ್ತು ಅವರು ತೊಟ್ಟ ಮೇಲುಡುಪುಗಳು. ಅಲ್ಲಿ ಮೇಲುಡುಪೆಂದರೆ ಟೀ ಶರ್ಟು, ಬ್ಲೌಸು, ಸ್ವೆಟರಿನಂಥವು. ಪ್ಯಾಂಟಿನ ಮೇಲೆ ಮೊಣಕಾಲು ದಾಟಿ ಇಳಿಯುವ ನಮ್ಮ ಟಾಪಿಗೆ ಆ ವರ್ಗೀಕರಣದಲ್ಲಿ ಮನೆಯಿಲ್ಲ.

ಹಾಗಾದರೆ ಪೂರ್ತಿ ಉಡುಪು ಎಂಬ ವಿಧವನ್ನು ಆರಿಸಬಹುದಲ್ಲವೇ? 2022ರ Dress Code ಸಂಗ್ರಹ ಮೇಲುಡುಪು, ಕೆಳ ಉಡುಪು, ಪೂರ್ತಿ ಉಡುಪು ಎಂಬ ಮೂರು ವಿಧಗಳನ್ನು ಹೊಂದಿದೆ. CatVTON ಎಂಬ ಇನ್ನೊಂದು ಟ್ರೈ-ಆನ್ ಮಾದರಿಯಲ್ಲಿಯೂ `overall` ಎಂಬ ಆಯ್ಕೆಯಿದೆ. ಪ್ರಯತ್ನಿಸಿ ನೋಡಿದೆವು. ಟಾಪು ಉದ್ದವಾಯಿತು, ಆದರೆ ಮಾಸ್ಕ್ ಕಾಲುಗಳನ್ನೂ ಅಳಿಸಿದ್ದರಿಂದ ಲೆಗ್ಗಿನ್ಸ್ ಮಾಯವಾಗಿ ಬರಿಗಾಲು ಬಂದಿತು. ಪೂರ್ತಿ ಉಡುಪೆಂದರೆ ಫ್ರಾಕ್ ಎಂದು ಮಾದರಿ ಕಲಿತಿರುವಾಗ ಅದನ್ನು ದೂರುವಂತಿಲ್ಲ. ಆದರೆ ಅಂಥ ಚಿತ್ರವನ್ನು ಗಿರಾಕಿಯ ಕೈಗೆ ಕೊಡುವಂತೆಯೂ ಇಲ್ಲ.

ಕೊನೆಗೆ ಉಳಿಯುವುದು `Use auto-generated mask` ಗುರುತನ್ನು ತೆಗೆದು ಕೈಯಿಂದ ಬಳಿಯುವ ದಾರಿ. ಮೇಲಿನ ಲೆಕ್ಕದ ಪ್ರಕಾರ ಅಂಚು 821ರಲ್ಲಿ ಬರಬೇಕಾದ್ದರಿಂದ ಮಾಸ್ಕನ್ನು 845ರವರೆಗೆ ಇಳಿಸಿ, ಅದರ ಕೆಳಗಿನ ಲೆಗ್ಗಿನ್ಸ್ ಮತ್ತು ಚಪ್ಪಲಿಯನ್ನು ಮುಟ್ಟದೆ ಬಿಟ್ಟೆವು. ಕಾಲಿನ ಕೆಳಭಾಗ ಹಾಗೆಯೇ ಉಳಿದಿರುವುದರಿಂದ ಮಾದರಿ ಅದನ್ನು ನೋಡಿ ಮೇಲಿನ ಭಾಗವನ್ನು ಲೆಗ್ಗಿನ್ಸ್ ಆಗಿಯೇ ಮುಂದುವರಿಸುತ್ತದೆ. ಮಾಸ್ಕಿನ ಗೆರೆಯಲ್ಲಿ ಲೆಗ್ಗಿನ್ಸಿನ ಬಣ್ಣ ಸ್ವಲ್ಪ ಹಾರಿದಂತೆ ಕಂಡರೆ ಗೆರೆಯನ್ನು ಒಂದೆರಡು ಇಂಚು ಮೇಲಕ್ಕೋ ಕೆಳಕ್ಕೋ ಸರಿಸಿ ನೋಡಬೇಕು. ಕಪ್ಪು ಲೆಗ್ಗಿನ್ಸಿನಲ್ಲಿ ಈ ತೊಂದರೆ ಬಹುತೇಕ ಕಾಣುವುದಿಲ್ಲ.

ಘೇರು ಏಕೆ ಹೋಗುತ್ತದೆ

ಅಗಲದ ದೋಷಕ್ಕೂ ಮಾಸ್ಕೇ ಕಾರಣ, ಆದರೆ ಅದರ ಬಗೆ ಸ್ವಲ್ಪ ಬೇರೆ. ತರಬೇತಿಯ ಜೋಡಿಗಳಲ್ಲಿ ಪ್ರತಿ ವ್ಯಕ್ತಿಯೂ ಪಕ್ಕದ ಫೋಟೊದಲ್ಲಿರುವ ಅದೇ ಬಟ್ಟೆಯನ್ನು ತೊಟ್ಟಿರುತ್ತಾರೆ. ಆ ಬಟ್ಟೆಯನ್ನು ಅಳಿಸಿ ಮತ್ತೆ ಬಿಡಿಸುವುದೇ ಪಾಠ. ಹೀಗಾಗಿ ಮಾಸ್ಕಿನ ಹೊರಗೆರೆ ಬಟ್ಟೆಯ ಹೊರಗೆರೆಗೆ ಹತ್ತಿರವಾಗಿದ್ದಷ್ಟೂ, ಆಕಾರವನ್ನು ಬಟ್ಟೆಯ ಫೋಟೊದಿಂದ ಓದುವ ಬದಲು ಮಾಸ್ಕಿನಿಂದಲೇ ಓದುವ ಅಭ್ಯಾಸ ಮಾದರಿಗೆ ಅಂಟಿಕೊಳ್ಳುತ್ತದೆ. ಬಿಗಿ ಟೀ ಶರ್ಟು ಹಾಕಿದವರ ಫೋಟೊ ಕೊಟ್ಟರೆ ಮಾಸ್ಕ್ ಬಿಗಿಯಾಗಿರುತ್ತದೆ, ಎ-ಲೈನ್ ಟಾಪೂ ಬಿಗಿಯಾಗಿ ಬರುತ್ತದೆ.

ಚಿಕ್ಕಮಗಳೂರಿನಲ್ಲಿ ಇದರ ತಿರುವುಮುರುವೂ ಆಗುತ್ತದೆ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಗಿರಾಕಿಗಳು ದಪ್ಪ ಸ್ವೆಟರಿನಲ್ಲಿಯೇ ಫೋಟೊ ತೆಗೆಸಿಕೊಂಡು ಕಳುಹಿಸುತ್ತಾರೆ. ಸ್ವೆಟರಿನ ಉಬ್ಬು ಮಾಸ್ಕಿನಲ್ಲಿ ಉಳಿದು, ತೆಳ್ಳನೆಯ ರೇಯಾನ್ ಟಾಪು ಉಣ್ಣೆಯಂತೆ ಭುಜದಲ್ಲಿ ಊದಿಕೊಂಡು ಕಾಣುತ್ತದೆ. ಇದನ್ನು ಕೆಲವರು ಬಟ್ಟೆಯ ಗುಣವನ್ನು ಮಾದರಿ ಅರ್ಥಮಾಡಿಕೊಳ್ಳಲಿಲ್ಲವೆಂದು ಬರೆದುಕೊಳ್ಳುತ್ತಾರೆ; ನಿಜವಾಗಿ ಅದು ಸ್ವೆಟರಿನ ನೆರಳು. ಸ್ವೆಟರ್ ತೆಗೆದು ಇನ್ನೊಂದು ಫೋಟೊ ಪಡೆಯುವುದೇ ಇದಕ್ಕೆ ಅಗ್ಗದ ಪರಿಹಾರ.

ಘೇರಿಗೆ ಎಷ್ಟು ಜಾಗ ಕೊಡಬೇಕೆಂಬುದನ್ನೂ ಅಳೆಯಬಹುದು. ಟಾಪನ್ನು ಮೇಜಿನ ಮೇಲೆ ಮಟ್ಟಸವಾಗಿ ಹರಡಿದಾಗ ಕೆಳ ಅಂಚಿನ ಅಗಲ 26 ಇಂಚಿದ್ದರೆ, ನಿಂತಿರುವ ವ್ಯಕ್ತಿಯ ಮೇಲೆ ಎದುರಿನಿಂದ ಕಾಣುವ ಅಗಲ ಅದಕ್ಕಿಂತ ಹೆಚ್ಚಾಗಲಾರದು. ನೆರಿಗೆ ಬೀಳುವುದರಿಂದ ಕಡಿಮೆಯೇ ಇರುತ್ತದೆ. 14.2ರಿಂದ ಗುಣಿಸಿದರೆ 369 ಪಿಕ್ಸೆಲ್. ಮಾಸ್ಕಿನ ಕೆಳಭಾಗವನ್ನು ಈ ಅಗಲಕ್ಕೆ, ಎದೆಯ ಭಾಗವನ್ನು ಮೈಗಿಂತ ಎರಡೂ ಬದಿಗೆ ಸುಮಾರು 20 ಪಿಕ್ಸೆಲ್ ಹೆಚ್ಚಾಗಿ ಬಳಿದಾಗ ಘೇರು ಮರಳಿತು. ಉದಾರವಾಗಿ ಇಡೀ ಚೌಕಟ್ಟನ್ನೇ ಬಳಿದುಬಿಟ್ಟರೆ ಇನ್ನೂ ಚೆನ್ನಾಗಿ ಬರಬಹುದೆಂದು ನಾನೂ ಅಂದುಕೊಂಡಿದ್ದೆ. ಮಾದರಿ ಸಿಕ್ಕಿದ ಜಾಗವನ್ನೆಲ್ಲ ಬಟ್ಟೆಯಿಂದ ತುಂಬಿಸಿ, ಸಾದಾ ಎ-ಲೈನ್ ಟಾಪನ್ನು ಅನಾರ್ಕಲಿ ಮಾಡಿ ಕೊಟ್ಟಿತು. ಜೊತೆಗೆ ಹಿಂದಿನ ಗೋಡೆಯನ್ನೂ ತನಗೆ ತೋಚಿದಂತೆ ಬರೆದಿತ್ತು.

ಸೀರೆ ಉಟ್ಟ ಫೋಟೊ

ಅಂಗಡಿಗೆ ಬರುವ ಗಿರಾಕಿಗಳಲ್ಲಿ ಸೀರೆ ಉಟ್ಟವರು ಬಹಳ. ಅವರ ಚಿತ್ರಗಳಲ್ಲಿ ಹೊಸ ಟಾಪಿನ ಮೇಲೆ ಎಡಭುಜದಿಂದ ಬಣ್ಣದ ಪಟ್ಟಿಯೊಂದು ಇಳಿಬಿದ್ದು ಅರ್ಧಕ್ಕೇ ಕಾಣೆಯಾಗುತ್ತಿತ್ತು; ಮೊದಲು ನೋಡಿದವರು ಅದನ್ನು ವೇಲ್ ಎಂದುಕೊಂಡರು. ದೇಹ ಮತ್ತು ಬಟ್ಟೆಯನ್ನು ವಿಂಗಡಿಸುವ ಪ್ರೋಗ್ರಾಂ ಕಲಿತಿರುವ ಹೆಸರುಗಳಲ್ಲಿ ಅಂಗಿ, ಫ್ರಾಕ್, ಪ್ಯಾಂಟು, ಲಂಗ, ಸ್ಕಾರ್ಫ್ ಎಲ್ಲವೂ ಇವೆ, ಸೀರೆ ಇಲ್ಲ. ಹಾಗಾಗಿ ಅದು ಒಂದೇ ಸೀರೆಯ ನೆರಿಗೆಯನ್ನು ಲಂಗವೆಂದೂ ಮೈಮೇಲಿನ ಭಾಗವನ್ನು ಅಂಗಿಯೆಂದೂ ಸೆರಗನ್ನು ಸ್ಕಾರ್ಫ್ ಎಂದೂ ಹಂಚಿಬಿಡುತ್ತದೆ. ಅಂಗಿ ಎಂದು ಗುರುತಿಸಿದ್ದಷ್ಟೇ ಅಳಿಸಲ್ಪಟ್ಟು ಉಳಿದ ಸೆರಗು ಮಾಸ್ಕಿನ ಹೊರಗೆ ಉಳಿಯುತ್ತದೆ. ಬೂದು ಚಿತ್ರದಲ್ಲಿ ಸೆರಗಿನ ತುಂಡು ಇನ್ನೂ ಬಣ್ಣದಲ್ಲಿ ಕಾಣುತ್ತಿದ್ದರೆ ಇದೇ ದೋಷ. ಸೆರಗನ್ನು ಕೈಯಿಂದ ಬಳಿದು ಅಳಿಸಬಹುದು. ಆದರೆ ನೆರಿಗೆಯ ಅಡಿಯಲ್ಲಿರುವ ಕಾಲುಗಳ ಆಕಾರವನ್ನು ಮಾದರಿ ಊಹಿಸಬೇಕಾಗುವುದರಿಂದ, ಸೀರೆಯ ಫೋಟೊ ಮೇಲೆ ಉದ್ದನೆಯ ಟಾಪನ್ನು ತೋರಿಸದಿರುವುದೇ ಲೇಸೆಂದು ನಾವು ನಿರ್ಧರಿಸಿದೆವು.

ಬಟ್ಟೆಯ ಫೋಟೊದಲ್ಲಿಯೇ ಇಲ್ಲದ್ದು

ಮಾಸ್ಕ್ ಸರಿಪಡಿಸಿದ ಮೇಲೂ ಕೆಲವು ಟಾಪುಗಳು ಗಿಡ್ಡವಾಗಿಯೇ ಬಂದವು. ಆ ಫೋಟೊಗಳನ್ನು ತೆರೆದು ನೋಡಿದಾಗ ಅಂಗಡಿಯವರು ಕ್ಯಾಟಲಾಗಿಗೆಂದು ಟಾಪನ್ನು ಮಡಚಿ, ಪಿನ್ ಹಾಕಿದ ಹಾಗೆಯೇ ತೆಗೆದ ಚಿತ್ರಗಳನ್ನು ಕೊಟ್ಟಿದ್ದರು. ಮಡಿಕೆಯ ಹಿಂದಿರುವ 18 ಇಂಚು ಬಟ್ಟೆ ಇದೆಯೆಂದು ಮಾದರಿಗೆ ತಿಳಿಯುವ ದಾರಿಯೇ ಇಲ್ಲ. ಇಸ್ತ್ರಿ ಮಾಡಿ, ಬಿಳಿ ಬಟ್ಟೆಯ ಮೇಲೆ ಪೂರ್ತಿ ಹರಡಿ, ತೋಳುಗಳನ್ನು ಮೈಯಿಂದ ಬಿಡಿಸಿಟ್ಟು, ನೇರ ಮೇಲಿನಿಂದ ಮತ್ತೆ ತೆಗೆದಾಗ ಉದ್ದ ಸರಿಬಂದಿತು. ಹ್ಯಾಂಗರಿಗೆ ಹಾಕಿದ ಚಿತ್ರವೂ ನಡೆಯುತ್ತದೆ, ಆದರೆ ಕುತ್ತಿಗೆಯ ಹಿಂಬದಿಯ ಒಳಮೈ ಮತ್ತು ಸೈಜ್ ಲೇಬಲ್ ಕಾಣುತ್ತಿದ್ದರೆ ಅವು ಕೆಲವೊಮ್ಮೆ ಗಿರಾಕಿಯ ಕುತ್ತಿಗೆಯ ಮುಂಭಾಗದಲ್ಲಿ ಬಂದು ಕೂರುತ್ತವೆ.

ಜರಿ ಅಂಚು ಕಲಸಿದಂತೆ ಕಾಣುವುದು ಬೇರೆಯದೇ ಸಂಗತಿ. ಮಾದರಿ ಚಿತ್ರವನ್ನು ನೇರವಾಗಿ ಪಿಕ್ಸೆಲ್‌ಗಳಲ್ಲಿ ಬಿಡಿಸದೆ, ಪ್ರತಿ ದಿಕ್ಕಿನಲ್ಲಿ 8 ಪಟ್ಟು ಕುಗ್ಗಿಸಿದ ಪ್ರತಿನಿಧಿಯಲ್ಲಿ ಬಿಡಿಸುತ್ತದೆ. 768 × 1024 ಎಂಬುದು ಒಳಗೆ 96 × 128 ಚೌಕಗಳು ಮಾತ್ರ. ನಮ್ಮ ಪೂರ್ತಿ ನಿಂತ ಚಿತ್ರದಲ್ಲಿ ಅರ್ಧ ಇಂಚಿನ ಜರಿಗೆ ಸಿಗುವುದು 7 ಪಿಕ್ಸೆಲ್, ಒಂದು ಚೌಕಕ್ಕಿಂತ ಕಡಿಮೆ. ಸೊಂಟದವರೆಗಿನ ಫೋಟೊ ಕೊಟ್ಟರೆ ಜರಿ ಸ್ಪಷ್ಟವಾಗುತ್ತದೆ, ಉದ್ದ ಕಾಣುವುದಿಲ್ಲ. ಪೂರ್ತಿ ಫೋಟೊ ಕೊಟ್ಟರೆ ಉದ್ದ ಕಾಣುತ್ತದೆ, ಜರಿ ಕಲಸುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಪಡೆಯಲು ನಮಗೆ ಆಗಲಿಲ್ಲ.

ಸೈಡ್ ಕಟ್‌ ಕೂಡ ಪೂರ್ತಿ ಸರಿಹೋಗಲಿಲ್ಲ. ಬಟ್ಟೆಯ ವಿವರಣೆಯ ಜಾಗದಲ್ಲಿ `long A-line kurta, three-quarter sleeves, side slits` ಎಂದು ಬರೆದಾಗ ತೋಳಿನ ಉದ್ದ ಹೆಚ್ಚು ಸ್ಥಿರವಾಯಿತು, ಸೀಳು ಮಾತ್ರ ಕೆಲವು `Seed`ಗಳಲ್ಲಿ ತೆರೆದುಕೊಂಡು ಕೆಲವುಗಳಲ್ಲಿ ಹೊಲಿದಂತೆ ಮುಚ್ಚಿಕೊಂಡಿತು. ನಾಲ್ಕು ಚಿತ್ರ ತೆಗೆದು ಸರಿಯಾದುದನ್ನು ಕೈಯಿಂದ ಆರಿಸುವುದಷ್ಟೇ ಸದ್ಯದ ಉಪಾಯ.

ಫಿಟಿಂಗ್ ಎಂಬ ದೂರು

ಎಲ್ಲ ಸರಿಪಡಿಸಿದ ಮೇಲೆ ಮಾಲೀಕರು ಕೇಳಿದ್ದು ಇದು: "ಎಂ ಸೈಜ್ ಹಾಕಿದರೂ ಎಕ್ಸ್‌ಎಲ್ ಹಾಕಿದರೂ ಒಂದೇ ಥರ ಕಾಣುತ್ತದಲ್ಲ ಸರ್?" ಒಂದೇ ಬಣ್ಣದ ಎರಡೂ ಸೈಜುಗಳನ್ನು ಬೇರೆಬೇರೆಯಾಗಿ ಹರಡಿ ಫೋಟೊ ತೆಗೆದು ಓಡಿಸಿದೆವು, ಫಲಿತಾಂಶಗಳಲ್ಲಿ ಯಾವುದು ಯಾವುದೆಂದು ಅವರಿಗೂ ಹೇಳಲಾಗಲಿಲ್ಲ, ನನಗೂ ಆಗಲಿಲ್ಲ. ಇದನ್ನು ಸರಿಪಡಿಸಬಹುದಾದ ದೋಷಗಳ ಪಟ್ಟಿಯಲ್ಲಿ ಸೇರಿಸಬಾರದು. ಬಟ್ಟೆಯ ಫೋಟೊ ಚೌಕಟ್ಟನ್ನು ತುಂಬುವಂತೆ ಇರುತ್ತದೆಯೇ ಹೊರತು ಅದರಲ್ಲಿ ಇಂಚು ಇರುವುದಿಲ್ಲ. ವ್ಯಕ್ತಿಯ ಫೋಟೊದಲ್ಲಿಯೂ ಎದೆಯ ಸುತ್ತಳತೆ ಇರುವುದಿಲ್ಲ. ಎರಡೂ ಕಡೆ ಅಳತೆಯೇ ಇಲ್ಲದಿರುವಾಗ ಮಾದರಿ ಮಾಡುವುದು ತಾನು ಕಲಿತ ಚಿತ್ರಗಳಲ್ಲಿದ್ದಂತೆ ಚೆಂದವಾಗಿ ಕೂರಿಸುವುದನ್ನು ಮಾತ್ರ. ಕಂಕುಳಲ್ಲಿ ಎಳೆಯುವ ಟಾಪು, ಎದೆಯಲ್ಲಿ ಬಿಗಿಯುವ ಟಾಪು ಅದರ ಚಿತ್ರದಲ್ಲಿ ಬರುವುದೇ ಇಲ್ಲ. ನಾವು ಕೈಯಿಂದ ಬಳಿದ ಮಾಸ್ಕಿನಲ್ಲಿ ಘೇರು ಸರಿಬಂದಿದ್ದು ಕೂಡ ನಾವು ಟೇಪಿನಿಂದ ಅಳೆದು ಹೇಳಿದ್ದರಿಂದ, ಅದು ಅಳೆದಿದ್ದರಿಂದಲ್ಲ.

ಈ ಕಾರಣಕ್ಕೆ ಪರೀಕ್ಷೆಯ ಪುಟದಲ್ಲಿ ಚಿತ್ರದ ಕೆಳಗೆ ಟಾಪಿನ ಎದೆ, ಸೊಂಟ, ಭುಜ ಮತ್ತು ಉದ್ದವನ್ನು ಇಂಚಿನಲ್ಲಿ ಬರೆದಿದ್ದೇವೆ, ಸೈಜ್ ಆರಿಸುವ ಗುಂಡಿಯನ್ನು ಚಿತ್ರದ ಪಕ್ಕದಿಂದ ತೆಗೆದು ಅಳತೆಯ ಪಟ್ಟಿಯ ಕೆಳಗೆ ಇಟ್ಟಿದ್ದೇವೆ. ಗುಂಡಿ ಚಿತ್ರದ ಪಕ್ಕದಲ್ಲಿದ್ದಾಗ, ಎಕ್ಸ್‌ಎಲ್ ಒತ್ತಿದರೆ ಬಟ್ಟೆ ಸಡಿಲವಾಗುತ್ತದೆಂದು ನೋಡಿದವರೆಲ್ಲ ಒತ್ತಿ ಒತ್ತಿ ಕಾಯುತ್ತಿದ್ದರು.